ಛೇದದಲ್ಲಿ ಯಾರಿದ್ದಾರೆ ಎಂದು ಮೊದಲು ಕೇಳೋಣ

ಕಮಲಾಪುರದ ಒಂದು ಪ್ರೌಢಶಾಲೆಯಲ್ಲಿ 9ನೇ ತರಗತಿಗೆ ಸಂಖ್ಯಾಶಾಸ್ತ್ರದ ಅಭ್ಯಾಸ ಪಾಠ ಮಾಡುವ ಸರದಿ ನನ್ನದಾಗಿತ್ತು. ‘ಸಾವಿರಕ್ಕೆ ಎಷ್ಟು’ ಎಂಬ ದರವನ್ನು ಕಲಿಸಬೇಕಿತ್ತು. ಸೂತ್ರ ಬರೆದು, ಐದು ಲೆಕ್ಕ ಬಿಡಿಸಿ, ಮನೆಗೆಲಸಕ್ಕೆ ಐದು ಕೊಡುವುದು ನಮ್ಮ ಪಾಠಯೋಜನೆಗಳ ವಾಡಿಕೆ. ನಾನು ಸ್ವಲ್ಪ ಬದಲಿಸಿ, ಲೆಕ್ಕ ಮುಗಿದು ಅಚ್ಚಾಗಿರುವ ಒಂದು ಕೋಷ್ಟಕವನ್ನೇ ಮಕ್ಕಳ ಕೈಗೆ ಕೊಟ್ಟೆ. ‘ಇದರಲ್ಲಿ ಎರಡು ತಪ್ಪು ಇವೆ, ಹುಡುಕಿ’ ಎಂದೆ. ಆ ಅವಧಿ ಮುಗಿಯುವಷ್ಟರಲ್ಲಿ ಮಕ್ಕಳು ಮೂರು ತಪ್ಪು ಹುಡುಕಿದ್ದರು. ಮೂರನೆಯದು ನಾನು ಬೇಕೆಂದು ಇಟ್ಟದ್ದಲ್ಲ, ನನ್ನದೇ ತಪ್ಪು.

ಪಾಠಕ್ಕಾಗಿ ನಾನೇ ಹೆಣೆದ ಆ ಕೋಷ್ಟಕ ಹೀಗಿತ್ತು. ಅಂಕಿಗಳು ಯಾವ ಊರಿನವೂ ಅಲ್ಲ.

| ಪ್ರದೇಶ | ಜನಸಂಖ್ಯೆ | ಒಂದು ವರ್ಷದ ಜ್ವರ ಪ್ರಕರಣ | ಸಾವಿರಕ್ಕೆ |
|---|---|---|---|
| ಅ | 32,000 | 48 | 1.5 |
| ಆ | 8,500 | 17 | 0.2 |
| ಇ | 1,25,000 | 150 | 12 |
| ಒಟ್ಟು | 1,65,500 | 215 | 1.6 |

ಮೊದಲಿಗೆ ಎಲ್ಲರೂ ಭಾಗಾಕಾರಕ್ಕೆ ಕೈ ಹಾಕಿದರು. 48ನ್ನು 32,000ದಿಂದ ಭಾಗಿಸಿದಾಗ 0.0015 ಬಂತು. ಅದು ತಲಾ ದರ, ಅಂದರೆ ಒಬ್ಬ ವ್ಯಕ್ತಿಗೆ ಬೀಳುವ ಪಾಲು. ಇಷ್ಟು ಸಣ್ಣ ದಶಮಾಂಶದಲ್ಲಿ ಸೊನ್ನೆಗಳನ್ನು ಎಣಿಸುವಾಗಲೇ ಅರ್ಧ ತರಗತಿ ದಾರಿ ತಪ್ಪಿತು. ಆಗ ನಾನು ತಿರುಗಿಸಿ ನೋಡಲು ಹೇಳಿದೆ. ಜನಸಂಖ್ಯೆಯನ್ನು ಸಾವಿರದ ಗುಂಪುಗಳಾಗಿ ಮಾಡಿ. 32,000 ಎಂದರೆ 32 ಗುಂಪು. ಒಂದೊಂದು ಗುಂಪಿನಲ್ಲಿ 1.5 ಜನರಿಗೆ ಜ್ವರ ಎಂದು ಕೋಷ್ಟಕ ಹೇಳುತ್ತದೆ. ಹಾಗಿದ್ದರೆ ಒಟ್ಟು 32 × 1.5 = 48. ಪ್ರಕರಣಗಳ ಕಾಲಂನಲ್ಲಿಯೂ 48 ಇದೆ, ಸರಿ. ಎರಡನೆಯ ಸಾಲಿನಲ್ಲಿ 8.5 ಗುಂಪು, 8.5 × 0.2 = 1.7. ಆದರೆ ಪ್ರಕರಣ 17. ದಶಮಾಂಶ ಬಿಂದು ಒಂದು ಮನೆ ಜಾರಿದೆ, ಸರಿಯಾದ ದರ 2.0. ಮೂರನೆಯದರಲ್ಲಿ 125 × 12 = 1,500. ಪ್ರಕರಣ 150 ಮಾತ್ರ. ಅಲ್ಲಿ ಯಾರೋ ಹತ್ತು ಸಾವಿರಕ್ಕೆ ಲೆಕ್ಕ ಹಾಕಿ ‘ಸಾವಿರಕ್ಕೆ’ ಎಂಬ ಶೀರ್ಷಿಕೆಯ ಕೆಳಗೆ ಬರೆದಂತಿದೆ. ಸರಿಯಾದ ದರ 1.2.

ಈ ತಿರುಗುಲೆಕ್ಕ ಭಾಗಾಕಾರಕ್ಕಿಂತ ಸುಲಭ ಎಂಬುದಕ್ಕಷ್ಟೇ ನಾನು ಅದನ್ನು ಮೆಚ್ಚುವುದಿಲ್ಲ. ಭಾಗಾಕಾರ ಮಾಡಿದ ಮಗುವಿಗೆ ಸಿಗುವುದು ಒಂದು ದಶಮಾಂಶ ಸಂಖ್ಯೆ. ಗುಣಿಸಿದ ಮಗುವಿಗೆ ಸಿಗುವುದು ಜನರ ಎಣಿಕೆ. 8,500 ಜನರ ಪ್ರದೇಶದಲ್ಲಿ ‘ಒಂದು ಮುಕ್ಕಾಲು ಜನರಿಗೆ ಜ್ವರ’ ಎಂದು ಬಂದಾಗ ಏನೋ ಎಡವಟ್ಟಾಗಿದೆ ಎಂದು ಅದಕ್ಕೆ ತಾನಾಗಿ ಹೊಳೆಯುತ್ತದೆ.

ಒಂದು ಎಚ್ಚರಿಕೆಯನ್ನೂ ಅದೇ ಅವಧಿಯಲ್ಲಿ ಹೇಳಬೇಕಾಯಿತು. ಅಚ್ಚಾದ ದರ ಒಂದು ದಶಮಾಂಶ ಸ್ಥಾನಕ್ಕೆ ಸರಿಪಡಿಸಿದ್ದು. 1.5 ಎಂದರೆ 1.45ರಿಂದ 1.55ರ ನಡುವಿನ ಯಾವುದೂ ಆಗಬಹುದು. 32 ಗುಂಪಿಗೆ ಗುಣಿಸಿದರೆ 46.4ರಿಂದ 49.6. ಪ್ರಕರಣಗಳು 47, 48 ಅಥವಾ 49 ಇದ್ದರೂ ದರ 1.5 ಎಂದೇ ಅಚ್ಚಾಗುತ್ತದೆ. ಹಾಗಾಗಿ ತಿರುಗುಲೆಕ್ಕದಲ್ಲಿ ಒಂದೆರಡು ಪ್ರಕರಣದ ವ್ಯತ್ಯಾಸ ಬಂದರೆ ಅದನ್ನು ತಪ್ಪೆನ್ನುವಂತಿಲ್ಲ. ಹತ್ತು ಪಟ್ಟು ವ್ಯತ್ಯಾಸ ಬಂದರೆ ತಪ್ಪು. ಎಷ್ಟು ವ್ಯತ್ಯಾಸ ಸಹಜ, ಎಷ್ಟು ಅಸಹಜ ಎಂಬ ಗೆರೆಯನ್ನು ಮಕ್ಕಳೇ ಲೆಕ್ಕ ಹಾಕಿ ಎಳೆಯಬಲ್ಲರು.

ಇನ್ನು ಮೂರನೆಯ ತಪ್ಪು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, ‘ಟೀಚರ್, ಒಟ್ಟಿನ ಸಾಲೂ ಕೂಡಂಗಿಲ್ರಿ’ ಎಂದಳು. 165.5 × 1.6 ಎಂದರೆ ಸುಮಾರು 265. ಆದರೆ ಒಟ್ಟು ಪ್ರಕರಣ 215. ನನಗೆ ಕೂಡಲೇ ಹೊಳೆಯಿತು. ಕೋಷ್ಟಕ ತಯಾರಿಸುವಾಗ ಮೂರು ಸರಿಯಾದ ದರಗಳನ್ನು, ಅಂದರೆ 1.5, 2.0 ಮತ್ತು 1.2ನ್ನು ಕೂಡಿಸಿ ಮೂರರಿಂದ ಭಾಗಿಸಿದ್ದೆ. ಬಂದದ್ದು 1.57, ಬರೆದದ್ದು 1.6. ಆದರೆ ದರಗಳ ಸರಾಸರಿ ಒಟ್ಟು ದರ ಆಗುವುದಿಲ್ಲ. 8,500 ಜನರ ‘ಆ’ ಪ್ರದೇಶಕ್ಕೂ 1,25,000 ಜನರ ‘ಇ’ ಪ್ರದೇಶಕ್ಕೂ ನಾನು ಒಂದೇ ತೂಕ ಕೊಟ್ಟಿದ್ದೆ. ಒಟ್ಟು ಪ್ರಕರಣವನ್ನು ಒಟ್ಟು ಜನಸಂಖ್ಯೆಗೆ ಹಂಚಿದರೆ 215ನ್ನು 165.5ರಿಂದ ಭಾಗಿಸಬೇಕು. ಉತ್ತರ 1.3. ಬಿಎಸ್ಸಿಯಲ್ಲಿ ತೂಕದ ಸರಾಸರಿ ಓದಿ ಪಾಸಾದವಳು ನಾನು. ಬೋರ್ಡಿನ ಮುಂದೆ ನಿಂತು ತಪ್ಪು ಒಪ್ಪಿಕೊಂಡೆ. ವೀಕ್ಷಣಾ ಪುಸ್ತಕದಲ್ಲಿ ನನ್ನ ಮಾರ್ಗದರ್ಶಕರು ಅದನ್ನು ಬರೆದರು, ಬರೆಯಲೇಬೇಕಿತ್ತು.

ಆದರೆ ಈ ಲೇಖನ ಬರೆಯಲು ಕಾರಣವಾದದ್ದು ಅದರ ನಂತರ ಬಂದ ಪ್ರಶ್ನೆ. ‘ಟೀಚರ್, ಹಂಗಾದ್ರ ನಮ್ ಕಮಲಾಪುರ ತಾಲ್ಲೂಕಿನ ಜನಸಂಖ್ಯೆ ಎಷ್ಟ್ರಿ? ನಮ್ದೂ ಲೆಕ್ಕ ಮಾಡೋಣ್ರಿ’ ಎಂದು ಒಬ್ಬ ಹುಡುಗ ಕೇಳಿದ. ನಾಳೆ ತರುತ್ತೇನೆ ಎಂದೆ. ಕಲಬುರಗಿಗೆ ಮರಳಿ ಜನಗಣತಿಯ ಪಟ್ಟಿ ತೆರೆದಾಗ ಆ ಹೆಸರಿನ ತಾಲ್ಲೂಕೇ ಅಲ್ಲಿ ಇರಲಿಲ್ಲ.

ಇದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಕೈಯಲ್ಲಿರುವ ಕೊನೆಯ ಜನಗಣತಿ 2011ರದ್ದು. 2021ರಲ್ಲಿ ಆಗಬೇಕಿದ್ದುದು ಆ ವರ್ಷ ನಡೆಯಲಿಲ್ಲ. 2011ರಲ್ಲಿ ನಮ್ಮ ಜಿಲ್ಲೆಯಲ್ಲಿ ಏಳು ತಾಲ್ಲೂಕು. ಕಮಲಾಪುರ ಆಗ ಕಲಬುರಗಿ ತಾಲ್ಲೂಕಿನ ಒಂದು ಊರು. 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಕಾಳಗಿ, ಶಹಾಬಾದ್, ಯಡ್ರಾಮಿಗಳ ಜೊತೆ ಕಮಲಾಪುರವೂ ಬಂತು, ಜಿಲ್ಲೆಯ ತಾಲ್ಲೂಕುಗಳು ಹನ್ನೊಂದಾದವು. ಹೀಗಾಗಿ ರೋಗಿಗಳ ಎಣಿಕೆ ಇಂದಿನ ಗಡಿಯ ಪ್ರಕಾರ ನಡೆದರೆ, ಜನಸಂಖ್ಯೆಯ ಎಣಿಕೆ ಹಳೆಯ ಗಡಿಯಲ್ಲೇ ಉಳಿದಿದೆ. ಭಿನ್ನರಾಶಿಯ ಅಂಶ ಒಂದು ನಕ್ಷೆಯದು, ಛೇದ ಇನ್ನೊಂದು ನಕ್ಷೆಯದು.

ಇದರ ಪರಿಣಾಮ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ನಮ್ಮ ಜಿಲ್ಲೆಯ ನಿಜ ಅಂಕಿಗಳೇ ಸಾಕು. 2001ರ ಜನಗಣತಿಯಲ್ಲಿ ಗುಲಬರ್ಗಾ ಜಿಲ್ಲೆಯ ಜನಸಂಖ್ಯೆ 31,30,922. 2011ರಲ್ಲಿ 25,66,326. ಇವೆರಡನ್ನು ಅಕ್ಕಪಕ್ಕ ಬರೆದು ಮಕ್ಕಳನ್ನು ಕೇಳಿದರೆ ‘ಜನ ಕಮ್ಮಿ ಆಗ್ಯಾರ’ ಎನ್ನುತ್ತಾರೆ. ಕಡಿಮೆಯಾದದ್ದು ಜನ ಅಲ್ಲ, ಜಿಲ್ಲೆ. ಈ ನಡುವೆ ಯಾದಗಿರಿ, ಶಹಾಪುರ, ಸುರಪುರಗಳನ್ನು ಬೇರ್ಪಡಿಸಿ ಯಾದಗಿರಿ ಜಿಲ್ಲೆ ಮಾಡಿದರು. 2011ರಲ್ಲಿ ಯಾದಗಿರಿಯ ಜನಸಂಖ್ಯೆ 11,74,271. ಎರಡನ್ನೂ ಕೂಡಿಸಿದರೆ 37,40,597. ಅಂದರೆ ಹಳೆಯ ಜಿಲ್ಲೆಯಷ್ಟು ಪ್ರದೇಶದಲ್ಲಿ ಹತ್ತು ವರ್ಷಕ್ಕೆ ಸುಮಾರು ಶೇ 19.5ರಷ್ಟು ಜನ ಹೆಚ್ಚಿದ್ದಾರೆ.

ಈಗ ಒಂದು ಕಲ್ಪನೆ ಮಾಡೋಣ. ಹೊಸ ಗಡಿಯ ಗುಲಬರ್ಗಾ ಜಿಲ್ಲೆಯಲ್ಲಿ ಒಂದು ವರ್ಷ 3,000 ಮಲೇರಿಯಾ ಪ್ರಕರಣ ಎಂದಿಟ್ಟುಕೊಳ್ಳಿ. ಹೊಸ ಜನಸಂಖ್ಯೆಯಿಂದ ಲೆಕ್ಕ ಹಾಕಿದರೆ ಸಾವಿರಕ್ಕೆ 1.17. ಯಾರಾದರೂ ಹಳೆಯ ಕಡತದಿಂದ 31,30,922ನ್ನು ಎತ್ತಿಕೊಂಡರೆ 0.96. ಎರಡೂ ಭಾಗಾಕಾರ ಸರಿಯಾಗಿಯೇ ಇವೆ. ತಿರುಗುಲೆಕ್ಕ ಮಾಡಿದರೂ ಎರಡೂ ಕೂಡುತ್ತವೆ. ತಪ್ಪು ಲೆಕ್ಕದಲ್ಲಿ ಇಲ್ಲ, ಛೇದದ ಆಯ್ಕೆಯಲ್ಲಿದೆ.

0.96ಕ್ಕೂ 1.17ಕ್ಕೂ ಏನು ಮಹಾ ವ್ಯತ್ಯಾಸ ಎಂದು ಕೇಳಬಹುದು. ಮಲೇರಿಯಾ ವಿಭಾಗದವರು ಎಪಿಐ ಎಂದು ಕರೆಯುವುದು ಇದೇ ದರವನ್ನು: ಒಂದು ವರ್ಷದಲ್ಲಿ ರಕ್ತಪರೀಕ್ಷೆಯಿಂದ ದೃಢಪಟ್ಟ ಪ್ರಕರಣ, ಸಾವಿರ ಜನಸಂಖ್ಯೆಗೆ. 1977ರ ಪರಿಷ್ಕೃತ ಕಾರ್ಯಯೋಜನೆಯಲ್ಲಿ ಈ ದರ 2 ಅಥವಾ ಹೆಚ್ಚು ಇರುವ ಪ್ರದೇಶಕ್ಕೆ ನಿಯಮಿತ ಕೀಟನಾಶಕ ಸಿಂಪಡಣೆ ಎಂದು ಗೆರೆ ಎಳೆದಿದ್ದರು. 2016ರಲ್ಲಿ ಬಂದ ಮಲೇರಿಯಾ ನಿರ್ಮೂಲನೆಯ ರಾಷ್ಟ್ರೀಯ ಚೌಕಟ್ಟು ರಾಜ್ಯಗಳನ್ನು ವರ್ಗ ಮಾಡುವಾಗ ಜಿಲ್ಲೆಗಳ ದರ 1ಕ್ಕಿಂತ ಕೆಳಗೋ ಮೇಲೋ ಎಂದು ನೋಡುತ್ತದೆ. ಗೆರೆಯ ಆಚೆ ಈಚೆ ಇರುವುದರಿಂದ ಕೆಲಸದ ಸ್ವರೂಪವೇ ಬದಲಾಗುತ್ತದೆ. ತಪ್ಪು ಛೇದ ಒಂದು ಪ್ರದೇಶವನ್ನು ಗೆರೆಯ ಕೆಳಗೆ ಸದ್ದಿಲ್ಲದೆ ಇಳಿಸಿಬಿಡಬಹುದು.

ಕಮಲಾಪುರದ ಹುಡುಗನ ಪ್ರಶ್ನೆಗೆ ಮರುದಿನ ಹೀಗೆ ಉತ್ತರಿಸಿದೆ. ಲೆಕ್ಕಕ್ಕೆ ಸುಲಭವಾಗಲೆಂದು, ನಗರವನ್ನು ಬಿಟ್ಟು ಹಳೆಯ ತಾಲ್ಲೂಕಿನಲ್ಲಿ 3 ಲಕ್ಷ ಜನ, ಅವರಲ್ಲಿ ಹೊಸ ತಾಲ್ಲೂಕಿಗೆ ಸೇರಿದವರು 1 ಲಕ್ಷ, ಉಳಿದವರು 2 ಲಕ್ಷ ಎಂದು ಕಲ್ಪಿಸಿದೆವು. ಹೊಸ ತಾಲ್ಲೂಕಿನಲ್ಲಿ 120 ಪ್ರಕರಣ, ಉಳಿದ ಭಾಗದಲ್ಲಿ 100. ಸರಿಯಾದ ದರಗಳು 1.2 ಮತ್ತು 0.5. ಈಗ ಯಾರೋ ಎರಡೂ ಸಾಲಿಗೆ ಹಳೆಯ 3 ಲಕ್ಷವನ್ನೇ ಛೇದವಾಗಿ ಇಟ್ಟರು ಎನ್ನೋಣ. ದರಗಳು 0.4 ಮತ್ತು 0.33 ಆಗುತ್ತವೆ. ಗೆರೆಯ ಮೇಲಿದ್ದ ತಾಲ್ಲೂಕು ಈಗ ಗೆರೆಯ ಎಷ್ಟೋ ಕೆಳಗೆ.

ಇಂಥ ತಪ್ಪನ್ನು ಹಿಡಿಯುವುದು ಹೇಗೆ? ಅಚ್ಚಿನಲ್ಲಿ ದರ ಮಾತ್ರ ಇದ್ದು ಪ್ರತಿ ಸಾಲಿನ ಜನಸಂಖ್ಯೆ ಇಲ್ಲದಿದ್ದರೆ ತಿರುಗುಲೆಕ್ಕ ಸಾಧ್ಯವಿಲ್ಲ. ಆಗಲೂ ಒಂದು ದಾರಿ ಇದೆ. ಒಟ್ಟು 220 ಪ್ರಕರಣ, ಒಟ್ಟು 3 ಲಕ್ಷ ಜನ, ಒಟ್ಟು ದರ 0.73. ಒಟ್ಟು ದರ ಯಾವಾಗಲೂ ಭಾಗಗಳ ಅತಿ ಕಡಿಮೆ ದರಕ್ಕೂ ಅತಿ ಹೆಚ್ಚು ದರಕ್ಕೂ ನಡುವೆ ಇರಲೇಬೇಕು. ಹಾಲು ಮತ್ತು ನೀರು ಬೆರೆಸಿದರೆ ಬರುವುದು ಹಾಲಿಗಿಂತ ಗಟ್ಟಿಯೂ ಇರದು, ನೀರಿಗಿಂತ ತೆಳುವೂ ಇರದು. 0.73 ಎಂಬುದು 0.5 ಮತ್ತು 1.2ರ ನಡುವೆ ಇದೆ, ಸರಿ. ಆದರೆ 0.33 ಮತ್ತು 0.4 ಎರಡಕ್ಕಿಂತಲೂ ಅದು ಮೇಲಿದೆ. ಹಾಗಾದರೆ ಭಾಗಗಳ ಛೇದದಲ್ಲಿ ಇರಬಾರದ ಜನ ಸೇರಿಕೊಂಡಿದ್ದಾರೆ. ಜನಸಂಖ್ಯೆಯ ಕಾಲಂ ಇದ್ದರೆ ಇನ್ನೂ ಸುಲಭ: ಎರಡು ಭಾಗ ಕೂಡಿಸಿದರೆ 6 ಲಕ್ಷ, ಕೆಳಗಿನ ಒಟ್ಟು 3 ಲಕ್ಷ.

ಈ ನಡುವೆ-ಇರಬೇಕೆಂಬ ಪರೀಕ್ಷೆಗೂ ಮಿತಿ ಇದೆ. ನನ್ನದೇ ತಪ್ಪು 1.6 ಎಂಬುದು 1.2 ಮತ್ತು 2.0ರ ನಡುವೆಯೇ ಇತ್ತು, ಈ ಪರೀಕ್ಷೆಯಲ್ಲಿ ಪಾಸಾಗುತ್ತಿತ್ತು. ಅದನ್ನು ಹಿಡಿದದ್ದು ಗುಣಾಕಾರ. ಹಾಗಾಗಿ ಎರಡೂ ಪರೀಕ್ಷೆ ಬೇಕು.

ಹಾಗಾದರೆ ಕಮಲಾಪುರದ ನಿಜವಾದ ಛೇದ ಎಲ್ಲಿಂದ ತರುವುದು? 2011ರ ಜನಗಣತಿಯಲ್ಲಿ ಹಳ್ಳಿಗೊಂದು ಅಂಕಿ ಇದೆ. ಹೊಸ ತಾಲ್ಲೂಕಿಗೆ ಸೇರಿದ ಹಳ್ಳಿಗಳ ಪಟ್ಟಿ ಹಿಡಿದು ಒಂದೊಂದರ ಜನಸಂಖ್ಯೆ ಕೂಡಿಸಬೇಕು. ಇದು ಗುಂಪು ಚಟುವಟಿಕೆಗೆ ಹೇಳಿ ಮಾಡಿಸಿದ ಕೆಲಸ. ಪ್ರತಿ ಮಗು ತನ್ನ ಊರಿನ ಅಂಕಿ ತರುತ್ತದೆ. ಬಂದ ಮೊತ್ತ 2011ರದ್ದು, ಇಂದಿನದಲ್ಲ ಎಂದು ಕೆಳಗೆ ಬರೆಯಬೇಕು. ಈ ವರ್ಷದ ಮುದ್ರೆ ಕಲಬುರಗಿ ನಗರಕ್ಕೆ ಇನ್ನೂ ಮುಖ್ಯ. 2011ರಲ್ಲಿ ನಗರದ ಜನಸಂಖ್ಯೆ 5,33,587. ಇಂದಿನ 580 ಪ್ರಕರಣಗಳನ್ನು ಅದಕ್ಕೆ ಹಂಚಿದರೆ ಸಾವಿರಕ್ಕೆ 1.1. ನಗರ ಬೆಳೆದು ಆರೂವರೆ ಲಕ್ಷವಾಗಿದೆ ಎಂದು ಇಟ್ಟುಕೊಂಡರೆ 0.9. ಹಳೆಯ, ದೊಡ್ಡ ಗಡಿಯ ಛೇದ ದರವನ್ನು ಇಳಿಸಿದರೆ, ಹಳೆಯ ವರ್ಷದ ಛೇದ ದರವನ್ನು ಏರಿಸುತ್ತದೆ. ಎರಡೂ ತಪ್ಪು ಒಂದೇ ಕೋಷ್ಟಕದಲ್ಲಿ ಸೇರಿ ಒಂದನ್ನೊಂದು ಮುಚ್ಚಿಹಾಕಲೂಬಹುದು.

ಛೇದದಲ್ಲಿ ಎಲ್ಲಿಯ ಜನ, ಯಾವ ವರ್ಷದ ಜನ ಎಂಬುದರ ಜೊತೆಗೆ ಯಾವ ಜನ ಎಂಬ ಪ್ರಶ್ನೆಯೂ ಇದೆ. ಇದಕ್ಕೆ ಮಾದರಿ ನೋಂದಣಿ ವ್ಯವಸ್ಥೆಯ 2020ರ ಅಂಕಿಗಳನ್ನು ತೋರಿಸಿದೆ. ಕರ್ನಾಟಕದಲ್ಲಿ ಜನನ ದರ 16.5, ಮರಣ ದರ 6.2, ಶಿಶುಮರಣ ದರ 19. ಎಲ್ಲವೂ ಸಾವಿರಕ್ಕೆ. ‘ಎಲ್ಲಾ ವಯಸ್ಸಿನವ್ರ ಸಾವು ಸೇರಿ 6, ಬರೇ ಕೂಸುಗಳ್ದು 19 ಹೆಂಗ್ರಿ?’ ಎಂದು ತರಗತಿ ಕೇಳಿತು. ಕೇಳಬೇಕಾದ ಪ್ರಶ್ನೆಯೇ ಅದು. ಮರಣ ದರದ ಛೇದ ಸಾವಿರ ಜನ; ಶಿಶುಮರಣ ದರದ ಛೇದ ಸಾವಿರ ಜೀವಂತ ಜನನ. ಸಾವಿರ ಜನಕ್ಕೆ ವರ್ಷಕ್ಕೆ 16.5 ಕೂಸು ಹುಟ್ಟುತ್ತವೆ. ಅವುಗಳಲ್ಲಿ ಸಾವಿರಕ್ಕೆ 19ರಂತೆ ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುವವು 16.5 × 19 ÷ 1000, ಅಂದರೆ ಸುಮಾರು 0.31. ಒಟ್ಟು 6.2 ಸಾವುಗಳಲ್ಲಿ ಕೂಸುಗಳ ಪಾಲು 0.31. ಮೂರು ಅಂಕಿಗಳೂ ಒಂದಕ್ಕೊಂದು ಹೊಂದಿದವು. ‘ಸಾವಿರಕ್ಕೆ’ ಎಂಬ ಒಂದೇ ಪದದ ಹಿಂದೆ ಬೇರೆ ಬೇರೆ ಸಾವಿರ ಇರಬಹುದು ಎಂಬುದು ಆ ದಿನ ಬೋರ್ಡಿನ ಮೇಲೆ ಉಳಿದ ಕೊನೆಯ ಸಾಲು.

ನನ್ನ ಮಾರ್ಗದರ್ಶಕರ ಆಕ್ಷೇಪವನ್ನೂ ಇಲ್ಲಿ ಹೇಳುವುದು ನ್ಯಾಯ. ‘ಘಟಕ ಪರೀಕ್ಷೆಯಲ್ಲಿ ದರ ಕಂಡುಹಿಡಿಯಿರಿ ಅಂತ ಬರುತ್ತದಮ್ಮ, ದರ ಪರೀಕ್ಷಿಸಿ ಅಂತ ಬರುವುದಿಲ್ಲ. ನೀನು ಎರಡು ಅವಧಿ ಕಳೆದೆ’ ಎಂದರು. ಅವಧಿಗಳ ಲೆಕ್ಕ ನಿಜ. ಆದರೆ ನನ್ನ ಅನುಭವದಲ್ಲಿ ಪರೀಕ್ಷಿಸಲು ಕಲಿತವರು ಕಂಡುಹಿಡಿಯುವುದನ್ನೂ ಕಲಿತಿದ್ದರು, ಏಕೆಂದರೆ ಗುಣಾಕಾರದ ದಾರಿ ಗೊತ್ತಾದ ಮೇಲೆ ಭಾಗಾಕಾರದ ದಾರಿ ಅದರ ಹಿಮ್ಮುಖವಷ್ಟೇ. ಇನ್ನೊಂದು ಮಾತೂ ಇದೆ. ನಮ್ಮ ಪಠ್ಯದ ಲೆಕ್ಕಗಳಲ್ಲಿ ಜನಸಂಖ್ಯೆ ಯಾವಾಗಲೂ ‘ದತ್ತ’. ಅದು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಕಮಲಾಪುರದ ಮಕ್ಕಳಿಗೆ ತಮ್ಮ ತಾಲ್ಲೂಕಿನ ಜನಸಂಖ್ಯೆ ದತ್ತವಲ್ಲ, ಕೂಡಿಸಿ ಪಡೆಯಬೇಕಾದದ್ದು. ಆರೋಗ್ಯ ಕೇಂದ್ರದ ಗೋಡೆಯ ಮೇಲಿನ ಕೋಷ್ಟಕವನ್ನು ನಾಳೆ ಅವರೇ ಓದುವವರು. ಅವರಲ್ಲಿ ಕೆಲವರು ಅದನ್ನು ತುಂಬುವವರೂ ಆಗುತ್ತಾರೆ.

ಒಂದು ಕಡೆ ನಾನು ಅವರ ಮಾತಿಗೆ ಮಣಿಯುತ್ತೇನೆ. ಈ ಚಟುವಟಿಕೆಯನ್ನು ಒಂದು ಹಳ್ಳಿಯ ಅಂಕಿಗಳ ಮೇಲೆ ಮಾಡಿಸಬಾರದು. 800 ಜನರ ಹಳ್ಳಿಯಲ್ಲಿ ಒಬ್ಬರಿಗೆ ಮಲೇರಿಯಾ ಬಂದರೂ ದರ 1.25, ಯಾರಿಗೂ ಬರದಿದ್ದರೆ ಸೊನ್ನೆ. ಒಬ್ಬ ಮನುಷ್ಯ ಗೆರೆ ದಾಟಿಸುವ ಕಡೆ ದರಕ್ಕೆ ಅರ್ಥವಿಲ್ಲ, ಅಲ್ಲಿ ಎಣಿಕೆಯನ್ನೇ ಹೇಳಬೇಕು. ಅಷ್ಟೇ ಅಲ್ಲ, ಆ ಒಬ್ಬರು ಯಾರೆಂದು ಇಡೀ ತರಗತಿಗೆ ಗೊತ್ತಿರುತ್ತದೆ.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಚಿಕ್ಕದು. ಈ ಘಟಕದ ಪಾಠಯೋಜನೆಯಲ್ಲಿ ಸೂತ್ರ ಬರೆಯುವ ಮೊದಲು ಒಂದು ಸಾಲಿಗೆ ಜಾಗ ಬಿಡಿ: ಛೇದದಲ್ಲಿ ಯಾವ ಜನ, ಯಾವ ಗಡಿಯವರು, ಯಾವ ವರ್ಷದವರು. ನಾನು ಮುಂದಿನ ಸಲ ಅದೇ ಕೋಷ್ಟಕವನ್ನು ಕೊಡುವೆ, 1.6ನ್ನು ತಿದ್ದದೆ. ಮೂರು ತಪ್ಪು ಇವೆ ಎಂದು ಮಾತ್ರ ಈ ಸಲ ಮೊದಲೇ ಹೇಳುವೆ.